ಬಾಟಲಿನ ಮಯೋನೀಸ್ ಬೇರೆ, ಶವರ್ಮಾ ಅಂಗಡಿಯ ಬಿಳಿ ಸಾಸ್ ಬೇರೆ

ಪ್ರಶ್ನೆ: ಅಂಗಡಿಯಿಂದ ತರುವ ಮಯೋನೀಸ್‌ನಲ್ಲಿ ಹಸಿ ಮೊಟ್ಟೆ ಇರುತ್ತಾ? ನಾನೀಗ ಐದು ತಿಂಗಳ ಬಸುರಿ. ಫ್ರಿಡ್ಜ್‌ನಲ್ಲಿ ಒಂದು ಬಾಟಲ್ ಇದೆ, ಅತ್ತೆ ಅದನ್ನ ಮುಟ್ಟಲೇಬೇಡ ಅಂತಾರೆ. ಹೋದ ಭಾನುವಾರ ಸಂಜೆ ಶವರ್ಮಾ ಜೊತೆ ಬಿಳಿ ಸಾಸ್ ತಿಂದಿದ್ದೆ, ಆಮೇಲಿಂದ ಒಂದೇ ಭಯ. ಏನು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಲೇಬಲ್ ನೋಡಿಕೊಂಡು ಬಾಟಲಿನದ್ದನ್ನು ನೀವು ತಿನ್ನಬಹುದು. ಶವರ್ಮಾ ಅಂಗಡಿಯವರು ಅಲ್ಲೇ ಮಾಡಿಟ್ಟ ಸಾಸ್ ಮಾತ್ರ ಹೆರಿಗೆ ಆಗುವವರೆಗೂ ಬೇಡ. ಎರಡಕ್ಕೂ ಮಯೋನೀಸ್ ಅಂತಲೇ ಹೆಸರು, ಎರಡೂ ಬೆಳ್ಳಗೆ ನುಣ್ಣಗೆ ಇರುತ್ತವೆ, ಎರಡನ್ನೂ ನಾವು ‘ಅಂಗಡಿಯದ್ದು’ ಅಂತಲೇ ಕರೆಯುತ್ತೇವೆ. ಗೊಂದಲ ಹುಟ್ಟುವುದೇ ಅಲ್ಲಿ. ಭಾನುವಾರ ತಿಂದದ್ದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ. ಜ್ವರ, ಭೇದಿ ಏನೂ ಇಲ್ಲ ಅಂದರೆ ಈಗ ಓಡಬೇಕಾದ ಅವಸರವಿಲ್ಲ.

ಮೊದಲು ನಿಮ್ಮ ಫ್ರಿಡ್ಜ್‌ನಲ್ಲಿರುವ ಬಾಟಲನ್ನು ತೆಗೆದು ತಿರುಗಿಸಿ ನೋಡಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದರಲ್ಲಿ ಮೊಟ್ಟೆಯೇ ಇಲ್ಲ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದು ಚಮಚ ಹಳದಿ ಸೇರಿಸಿದರೂ ಹಸಿರು ಚುಕ್ಕೆ ಹಾಕುವಂತಿಲ್ಲ. ಹಾಸನ, ಚಿಕ್ಕಮಗಳೂರಿನ ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ಗಳಲ್ಲಿ ‘ವೆಜ್ ಮಯೋನೀಸ್’ ಅಥವಾ ‘ಎಗ್‌ಲೆಸ್’ ಅಂತ ಸಿಗುವುದೆಲ್ಲ ಈ ಜಾತಿಯದ್ದು. ಎಣ್ಣೆಯನ್ನೂ ನೀರನ್ನೂ ಒಂದಾಗಿ ಹಿಡಿದಿಡುವ ಕೆಲಸವನ್ನು ಮೊಟ್ಟೆಯ ಹಳದಿಯ ಬದಲು ಹಾಲಿನ ಪುಡಿ, ಸೋಯಾ ಪ್ರೋಟೀನ್, ಪಿಷ್ಟ ಮತ್ತು ಗೋಂದಿನಂಥ ಪದಾರ್ಥಗಳು ಮಾಡುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಐಎನ್‌ಎಸ್ 415 ಅಂತ ಕಂಡರೆ ಅದು ಅಂಥ ಒಂದು ಗೋಂದು. ಐಎನ್‌ಎಸ್ 260 ಅಂದರೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ. 211 ಅಥವಾ 202 ಇದ್ದರೆ ಅವು ಕೆಡದಂತೆ ಇಡಲು ಹಾಕಿದವು. ಈ ಸಂಖ್ಯೆಗಳನ್ನು ನೋಡಿ ಹೆದರಬೇಕಾಗಿಲ್ಲ.

ಹಸಿರು ಚುಕ್ಕೆಯ ಜಾಗದಲ್ಲಿ ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮೊಟ್ಟೆ ಇದೆ ಎಂದರ್ಥ. (ಹಳೆಯ ಲೇಬಲ್‌ಗಳಲ್ಲಿ ತ್ರಿಕೋನದ ಬದಲು ಕಂದು ಚುಕ್ಕೆ ಇರುತ್ತಿತ್ತು.) ಹಾಗಿದ್ದರೆ ಪಟ್ಟಿಯಲ್ಲಿ ಮೊಟ್ಟೆಯ ಹೆಸರಿನ ಹಿಂದೆ ‘ಪಾಶ್ಚರೈಸ್ಡ್’ ಎಂಬ ಪದ ಇದೆಯೇ ಹುಡುಕಿ. ಇದ್ದರೆ ಅದನ್ನೂ ತಿನ್ನಬಹುದು. ಇಂಥ ಕಾರ್ಖಾನೆಗಳಲ್ಲಿ ಒಡೆದ ಮೊಟ್ಟೆಯನ್ನು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲವು ನಿಮಿಷ ಹಿಡಿದಿಟ್ಟು, ತಕ್ಷಣ ತಣ್ಣಗೆ ಮಾಡುತ್ತಾರೆ. ಇದು ತುಂಬ ಸೂಕ್ಷ್ಮದ ಕೆಲಸ. ಸ್ವಲ್ಪ ಹೆಚ್ಚು ಕಾಯಿಸಿದರೆ ಮೊಟ್ಟೆ ಗಟ್ಟಿಯಾಗಿ ಬಿಡುತ್ತದೆ, ಕಡಿಮೆಯಾದರೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿಯುತ್ತದೆ. ಆ ಸಣ್ಣ ಅಂತರದಲ್ಲಿ ನಿಲ್ಲಿಸಲು ಯಂತ್ರ ಬೇಕು. ಹೀಗೆ ಕಾಯಿಸಿದ ಮೊಟ್ಟೆ ನೋಡಲು ಹಸಿಯಾಗಿಯೇ, ದ್ರವವಾಗಿಯೇ ಇರುತ್ತದೆ, ಆದರೆ ನಾವು ಹೆದರುವ ಅರ್ಥದಲ್ಲಿ ಅದು ಹಸಿ ಮೊಟ್ಟೆಯಲ್ಲ. ‘ಮೊಟ್ಟೆ’ ಅಂತಷ್ಟೇ ಬರೆದು ಪಾಶ್ಚರೈಸ್ಡ್ ಎಂಬ ಮಾತೇ ಇಲ್ಲದಿದ್ದರೆ ಈ ಕೆಲವು ತಿಂಗಳು ಅದನ್ನು ಬಿಟ್ಟುಬಿಡಿ. ಹಸಿರು ಚುಕ್ಕೆಯದ್ದು ಅದೇ ಕಪಾಟಿನಲ್ಲಿ ಸಿಗುತ್ತದೆ.

ಬಾಟಲಿಗೆ ಎರಡನೆಯ ಕಾವಲೂ ಇದೆ, ಅದು ಹುಳಿ. ಶವರ್ಮಾ ಅಂಗಡಿಯ ಸಾಸ್‌ನಲ್ಲಿ ತಪ್ಪುವುದು ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮಯೋನೀಸ್‌ನಲ್ಲಿ ಮುಕ್ಕಾಲು ಪಾಲು ಎಣ್ಣೆ. ಬ್ಯಾಕ್ಟೀರಿಯಾ ಎಣ್ಣೆಯಲ್ಲಿ ಬದುಕುವುದಿಲ್ಲ, ಎಣ್ಣೆಹನಿಗಳ ನಡುವೆ ಸಿಕ್ಕಿಕೊಂಡಿರುವ ಅಷ್ಟಿಷ್ಟು ನೀರಿನಲ್ಲಿ ಬದುಕುತ್ತದೆ. ಆ ನೀರು ಎಷ್ಟು ಹುಳಿಯಾಗಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪಾಶ್ಚರೀಕರಿಸದ ಮೊಟ್ಟೆಯಿಂದ ಮಯೋನೀಸ್ ಮಾಡುವ ಕಾರ್ಖಾನೆಗಳಿಗೆ ಅಮೆರಿಕದಲ್ಲಿ ಹಾಕಿದ್ದ ಹಳೆಯ ಅಳತೆ ಹೀಗಿದೆ: ನೀರಿನ ಭಾಗದಲ್ಲಿ ಅಸಿಟಿಕ್ ಆಮ್ಲ ಕನಿಷ್ಠ ಶೇಕಡ 1.4 ಇರಬೇಕು, ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ 4.1ಕ್ಕಿಂತ ಮೇಲೆ ಹೋಗಬಾರದು. ಅಷ್ಟು ಹುಳಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ನಿಧಾನವಾಗಿ ಸಾಯುತ್ತದೆ.

ಈಗ ಒಂದು ಶವರ್ಮಾ ಅಂಗಡಿಯ ಮಿಕ್ಸಿ ಜಾರಿಗೆ ಈ ಲೆಕ್ಕ ಹಚ್ಚಿ ನೋಡೋಣ. ನಾಲ್ಕು ಇಡೀ ಮೊಟ್ಟೆ, ಒಂದು ಲೀಟರ್ ಎಣ್ಣೆ, ಏಳೆಂಟು ಎಸಳು ಬೆಳ್ಳುಳ್ಳಿ, ಉಪ್ಪು, ಎರಡು ಟೀ ಚಮಚ ವಿನೆಗರ್. ಇದು ಸಾಮಾನ್ಯವಾಗಿ ನಡೆಯುವ ಅಳತೆ. ಒಂದು ಮೊಟ್ಟೆಯ ಒಳಭಾಗ 50 ಗ್ರಾಂ ಅಂದುಕೊಂಡರೆ ಅದರ ಮುಕ್ಕಾಲು ಭಾಗ ನೀರು. ನಾಲ್ಕು ಮೊಟ್ಟೆಯಿಂದ ಸುಮಾರು 150 ಮಿ.ಲೀ. ನೀರಾಯಿತು. ಅಂಗಡಿಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ಶೇಕಡ 4ರಷ್ಟು. ಎರಡು ಟೀ ಚಮಚ ಅಂದರೆ 10 ಮಿ.ಲೀ., ಅದರಲ್ಲಿ ಆಮ್ಲ 0.4 ಗ್ರಾಂ. ಒಟ್ಟು 160 ಮಿ.ಲೀ. ನೀರಿನಲ್ಲಿ ಅದು ಶೇಕಡ 0.25 ಮಾತ್ರ. ಬೇಕಾಗಿರುವುದು 1.4. ಅದನ್ನು ಮುಟ್ಟಬೇಕಾದರೆ ಅದೇ ನಾಲ್ಕು ಮೊಟ್ಟೆಗೆ ಸುಮಾರು 80 ಮಿ.ಲೀ. ವಿನೆಗರ್ ಸುರಿಯಬೇಕು, ಅಂದರೆ ಎರಡು ಚಮಚದ ಜಾಗದಲ್ಲಿ ಹದಿನಾರು ಚಮಚ. ಅಷ್ಟು ಹಾಕಿದರೆ ಸಾಸ್ ತೆಳ್ಳಗಾಗುತ್ತದೆ, ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ. ಆದ್ದರಿಂದ ಯಾರೂ ಹಾಕುವುದಿಲ್ಲ.

ಕೆಲವರು ವಿನೆಗರ್ ಬದಲು ಎರಡು ನಿಂಬೆಹಣ್ಣು ಹಿಂಡುತ್ತಾರೆ. ನಿಂಬೆಯ ಹುಳಿ ನಾಲಿಗೆಗೆ ಜೋರಾಗಿ ತಾಗುತ್ತದೆ, ಆದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಲ್ಲಿ ಸಿಟ್ರಿಕ್ ಆಮ್ಲ ಅಸಿಟಿಕ್ ಆಮ್ಲದಷ್ಟು ಚುರುಕಲ್ಲ. ಅಸಿಟಿಕ್ ಆಮ್ಲ ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಗೇ ನುಗ್ಗುತ್ತದೆ, ಸಿಟ್ರಿಕ್ ಆಮ್ಲಕ್ಕೆ ಅದು ಅಷ್ಟು ಸುಲಭವಲ್ಲ. ಇಡೀ ಮೊಟ್ಟೆ ಹಾಕುವುದರಿಂದ ಇನ್ನೊಂದು ತೊಂದರೆಯಿದೆ. ಮೊಟ್ಟೆಯ ಬಿಳಿ ಕ್ಷಾರೀಯ, ಕೆಲವು ದಿನ ಹೊರಗಿಟ್ಟ ಮೊಟ್ಟೆಯಲ್ಲಿ ಅದರ ಪಿಎಚ್ 9ರ ಸುತ್ತಮುತ್ತ ಇರುತ್ತದೆ. ಹಾಕಿದ ಹುಳಿಯಲ್ಲಿ ಒಂದಷ್ಟು ಅದನ್ನು ತಣಿಸುವುದಕ್ಕೇ ಹೋಗುತ್ತದೆ.

ಇದರ ಜೊತೆಗೆ ಫ್ರಿಡ್ಜ್‌ನ ವಿಷಯ. ಇಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿದ್ದಾರೆ. ‘ಮಾಡಿದ ತಕ್ಷಣ ಫ್ರಿಡ್ಜ್‌ಗೆ ಇಟ್ಟಿದ್ದೇವೆ, ಏನೂ ಆಗಲ್ಲ’ ಅಂತ ಅಂಗಡಿಯವರು ನಂಬಿಕೆಯಿಂದಲೇ ಹೇಳುತ್ತಾರೆ. 5 ಡಿಗ್ರಿಯಲ್ಲಿ ಸಾಲ್ಮೊನೆಲ್ಲಾ ಸಂಖ್ಯೆ ಹೆಚ್ಚುವುದಿಲ್ಲ, ಅದು ನಿಜ. ಆದರೆ ಚಳಿಯಲ್ಲಿ ಅದು ಸಾಯುವುದೂ ಇಲ್ಲ. ಹುಳಿ ಕೂಡ ತಣ್ಣಗಿರುವಾಗ ನಿಧಾನವಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಫ್ರಿಡ್ಜ್ ಒಂದು ರೀತಿಯಲ್ಲಿ ಆ ಬ್ಯಾಕ್ಟೀರಿಯಾವನ್ನು ಕಾಪಾಡುತ್ತದೆ. ಸಂಜೆ ಆರು ಗಂಟೆಗೆ ಅದೇ ಡಬ್ಬ ಹೊರಗೆ ಬಂದು, ಕೋಳಿ ಸುತ್ತುವ ಬೆಂಕಿಯ ಪಕ್ಕ ಕೂರುತ್ತದೆ. ಊರಿನ ಹವೆ ಎಷ್ಟೇ ತಂಪಾಗಿದ್ದರೂ ಆ ಕಟ್ಟೆಯ ಮೇಲೆ 35 ಡಿಗ್ರಿ ಆಗಲು ತಡವಾಗದು. ಹುಳಿ ಸಾಲದ ಸಾಸ್‌ನಲ್ಲಿ ಉಳಿದುಕೊಂಡಿದ್ದ ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ರಾತ್ರಿ ಹತ್ತಕ್ಕೆ ಉಳಿದದ್ದು ಮತ್ತೆ ಫ್ರಿಡ್ಜ್‌ಗೆ, ಮರುದಿನ ಅದರ ಮೇಲೆಯೇ ಹೊಸದು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಗಂಟೆಗಟ್ಟಲೆ ಕರೆಂಟ್ ಹೋದಾಗ ಫ್ರಿಡ್ಜ್ ಕೂಡ ಬರೀ ಬೀರುವೇ.

ಮೊಟ್ಟೆಯೊಳಗೆ ಸಾಲ್ಮೊನೆಲ್ಲಾ ಎಲ್ಲಿಂದ ಬರುತ್ತದೆ ಅಂತ ನಿಮಗನ್ನಿಸಬಹುದು. ಹೆಚ್ಚಾಗಿ ಚಿಪ್ಪಿಗೆ ಅಂಟಿದ ಹಿಕ್ಕೆಯಿಂದ, ಮೊಟ್ಟೆ ಒಡೆಯುವಾಗ. ಕೆಲವೊಮ್ಮೆ ಕೋಳಿಯ ಅಂಡಾಶಯದಲ್ಲೇ ಸೋಂಕಿದ್ದು, ಚಿಪ್ಪು ಕಟ್ಟುವ ಮೊದಲೇ ಒಳಗೆ ಸೇರಿರುತ್ತದೆ. ಅಂಥ ಮೊಟ್ಟೆಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ನೋಡಿದರೆ ಮೂಸಿದರೆ ಗೊತ್ತಾಗುವುದೂ ಇಲ್ಲ. ಮನೆಯ ನಾಟಿ ಕೋಳಿಯ ಮೊಟ್ಟೆಗೂ ಇದೇ ಮಾತು. ನಾಲ್ಕರಲ್ಲಿ ಒಂದು ಮೊಟ್ಟೆ ಹಾಗಿದ್ದರೆ ಸಾಕು, ಮಿಕ್ಸಿ ಅದನ್ನು ಇಡೀ ಡಬ್ಬಕ್ಕೆ ಹಂಚುತ್ತದೆ. ಆಮ್ಲೆಟ್ ತಿನ್ನುವವನಿಗೂ ಶವರ್ಮಾ ತಿನ್ನುವವನಿಗೂ ಇರುವ ವ್ಯತ್ಯಾಸ ಇದು: ಆಮ್ಲೆಟ್‌ನ ಮೊಟ್ಟೆ ಬೇಯುತ್ತದೆ, ಸಾಸ್‌ನದ್ದು ಬೇಯುವುದೇ ಇಲ್ಲ, ಒಂದು ಮೊಟ್ಟೆಯ ದೋಷ ಐವತ್ತು ಜನರ ತಟ್ಟೆಗೆ ಹೋಗುತ್ತದೆ.

ಇದಕ್ಕೇ ನೆರೆರಾಜ್ಯಗಳು ಕ್ರಮ ತೆಗೆದುಕೊಂಡದ್ದು. ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಲ್ಲಿಸಿತು. ಸಸ್ಯಾಹಾರಿ ಮಯೋನೀಸ್ ಅಥವಾ ಪಾಶ್ಚರೀಕರಿಸಿದ ಮೊಟ್ಟೆಯದ್ದು ಮಾತ್ರ ಅಂತ ಹೇಳಿತು. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷದ ನಿಷೇಧ ಹಾಕಿದವು. ಮೂರೂ ಕಡೆ ಗುರಿ ಹಸಿ ಮೊಟ್ಟೆಯಿಂದ ಮಾಡಿದ್ದು, ಬಾಟಲಿನ ವೆಜ್ ಮಯೋನೀಸ್ ಅಲ್ಲ. ನಿಮ್ಮ ಅತ್ತೆ ಟಿವಿಯಲ್ಲಿ ಕೇಳಿದ್ದು ಬಹುಶಃ ಇದೇ ಸುದ್ದಿ. ಅವರ ಕಾಳಜಿ ಸರಿಯಾದದ್ದೇ, ತಪ್ಪು ಬಾಟಲಿನ ಮೇಲೆ ಬಿದ್ದಿದೆ ಅಷ್ಟೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ‘ಗರ್ಭಿಣಿಯರು ಹಸಿ ಮೊಟ್ಟೆ ತಿನ್ನಬಹುದು’ ಎಂಬ ಬ್ರಿಟನ್ನಿನ ಸಲಹೆಯೂ ನಿಮಗೆ ಸಿಗುತ್ತದೆ. ಅದು ಸುಳ್ಳಲ್ಲ. ಆದರೆ 2017ರಿಂದ ಅಲ್ಲಿ ಹಾಗೆ ಹೇಳುತ್ತಿರುವುದು ಸಿಂಹದ ಮುದ್ರೆ ಒತ್ತಿದ ಮೊಟ್ಟೆಗಳಿಗೆ ಮಾತ್ರ. ಆ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿರುತ್ತಾರೆ, ಫಾರ್ಮಿನಿಂದ ಅಂಗಡಿಯವರೆಗೆ ಲೆಕ್ಕ ಇಟ್ಟಿರುತ್ತಾರೆ. ನಮ್ಮ ಸಂತೆಯಲ್ಲಿ ಟ್ರೇ ಲೆಕ್ಕದಲ್ಲಿ ಕೊಳ್ಳುವ ಮೊಟ್ಟೆಗೆ ಅಂಥ ಮುದ್ರೆ ಇಲ್ಲ, ಆ ಸಲಹೆಯನ್ನು ಇಲ್ಲಿಗೆ ತರುವಂತಿಲ್ಲ.

ಹೊರಗೆ ತಿನ್ನುವಾಗ ಸಾಸ್‌ನ ಬಣ್ಣ ನೋಡಿ ತೀರ್ಮಾನಿಸಲು ಹೋಗಬೇಡಿ. ಮೊಟ್ಟೆಯದ್ದು ತುಸು ಹಳದಿ, ತುಸು ತೆಳು ಇರಬಹುದು, ಆದರೆ ಬಿಳಿ ಭಾಗ ಮಾತ್ರ ಹಾಕಿ ಮಾಡಿದ್ದು ಪ್ಯಾಕೆಟ್ಟಿನದ್ದರಷ್ಟೇ ಬೆಳ್ಳಗಿರುತ್ತದೆ. ನೇರವಾಗಿ ಕೇಳಿ: ‘ಅಣ್ಣಾ, ಇದು ಪ್ಯಾಕೆಟ್ ಮಯೋನೀಸಾ, ಇಲ್ಲೇ ಮಿಕ್ಸಿಲಿ ಹೊಡೆದದ್ದಾ?’ ಪ್ಯಾಕೆಟ್ ಅಂದರೆ ಪ್ಯಾಕೆಟ್ ತೋರಿಸಿ ಅನ್ನಿ. ಒಂದು ಕೆಜಿಯ ಪೊಟ್ಟಣಗಳು ಹೆಚ್ಚಾಗಿ ಹಸಿರು ಚುಕ್ಕೆಯೊಂದಿಗೇ ಬರುತ್ತವೆ, ಬಳಸುವವರು ತೋರಿಸಲು ಹಿಂದೆಮುಂದೆ ನೋಡುವುದಿಲ್ಲ. ಉತ್ತರ ಸ್ಪಷ್ಟವಾಗಿ ಬರಲಿಲ್ಲವೆಂದರೆ ಸಾಸ್ ಬೇಡ ಎಂದುಬಿಡಿ. ಮೊಮೊ, ಅಲ್ ಫಹಾಮ್ ಜೊತೆ ಕೊಡುವ ಬೆಳ್ಳುಳ್ಳಿ ಸಾಸ್‌ಗೂ ಇದೇ ಪ್ರಶ್ನೆ. ಅಂದಹಾಗೆ, ಶವರ್ಮಾದಲ್ಲಿ ಸಾಸ್ ಒಂದೇ ಅಪಾಯವಲ್ಲ. ಹೊರಗೆ ಕೆಂಪಾಗಿ ಒಳಗೆ ಅರೆಬೆಂದ ಕೋಳಿಯನ್ನು ಜನ ಹೆಚ್ಚಾದಾಗ ಅವಸರದಲ್ಲಿ ಕೊಯ್ದು ಹಾಕುವುದುಂಟು. ಸಾಸ್ ಇಲ್ಲದಿದ್ದರೂ ಕೋಳಿಯ ತುಂಡುಗಳನ್ನು ತವಾ ಮೇಲೆ ಇನ್ನೊಮ್ಮೆ ಚೆನ್ನಾಗಿ ಬೇಯಿಸಿಕೊಡಿ ಅಂತ ಹೇಳಬೇಕು.

ಮನೆಯ ಬಾಟಲ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಬಾಟಲ್ ತೆರೆದ ಮೇಲೆ ಫ್ರಿಡ್ಜ್‌ನಲ್ಲಿಡಿ, ಲೇಬಲ್ ಮೇಲೆ ಹೇಳಿದಷ್ಟು ದಿನದೊಳಗೆ ಮುಗಿಸಿ, ಒಣಗಿದ ಶುಚಿಯಾದ ಚಮಚವನ್ನೇ ಹಾಕಿ. ಒಂದು ರಾತ್ರಿ ಕರೆಂಟ್ ಇಲ್ಲದಿದ್ದರೆ ಅದು ವಿಷವಾಗುವುದಿಲ್ಲ, ಹುಳಿ ಅದನ್ನು ಕಾಯುತ್ತದೆ. ಆದರೆ ಅದೇ ಮಯೋನೀಸನ್ನು ಹೆಚ್ಚಿದ ಎಲೆಕೋಸು, ಬೇಯಿಸಿದ ಆಲೂಗಡ್ಡೆ ಅಥವಾ ಕೋಳಿಯ ಜೊತೆ ಕಲಸಿದ ಕ್ಷಣದಿಂದ ಕಥೆ ಬೇರೆ. ತರಕಾರಿಯ ನೀರು, ಕೋಳಿಯ ಪ್ರೋಟೀನ್ ಸೇರಿ ಹುಳಿ ಇಳಿಯುತ್ತದೆ, ಕಾವಲು ಹೋಗುತ್ತದೆ. ಇಲ್ಲಿ ಸಾಲ್ಮೊನೆಲ್ಲಾ ಜೊತೆಗೆ ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬಗ್ಗೆ ಯೋಚಿಸಬೇಕು. ಅದು ಫ್ರಿಡ್ಜ್‌ನ ಚಳಿಯಲ್ಲೂ ಬೆಳೆಯುತ್ತದೆ. ಬೇರೆಯವರಿಗೆ ಹೋಲಿಸಿದರೆ ಗರ್ಭಿಣಿಯರಿಗೆ ಅದು ತಗಲುವ ಸಾಧ್ಯತೆ ಸುಮಾರು ಹತ್ತು ಪಟ್ಟು ಹೆಚ್ಚು, ಮಾಸು ದಾಟಿ ಮಗುವನ್ನೂ ಮುಟ್ಟುತ್ತದೆ. ಆದ್ದರಿಂದ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಳಗಿನಿಂದ ಕುಳಿತ ಮಯೋನೀಸ್ ಸ್ಯಾಂಡ್‌ವಿಚ್ ಬೇಡ, ಅದರಲ್ಲಿ ಮೊಟ್ಟೆ ಇಲ್ಲದಿದ್ದರೂ ಬೇಡ. ಮನೆಯಲ್ಲಿ ಬೇಕಾದಷ್ಟೇ ಕಲಸಿ, ಆಗಲೇ ತಿನ್ನಿ.

ಬಾಟಲಿನ ರುಚಿ ಹಿಡಿಸದಿದ್ದರೆ ಹಾಲಿನಿಂದ ಮಾಡಿಕೊಳ್ಳಬಹುದು. ಕಾಯಿಸಿ ಪೂರ್ತಿ ತಣಿಸಿ ಕೆನೆ ತೆಗೆದ ಹಾಲು 100 ಮಿ.ಲೀ., ಸೂರ್ಯಕಾಂತಿ ಎಣ್ಣೆ 200 ಮಿ.ಲೀ., ಅರ್ಧ ಚಮಚ ಉಪ್ಪು, ಸ್ವಲ್ಪ ಸಾಸಿವೆ ಪುಡಿ. ಎತ್ತರದ ಲೋಟದಲ್ಲಿ ಎಲ್ಲ ಹಾಕಿ ಹ್ಯಾಂಡ್ ಬ್ಲೆಂಡರ್ ತಳಕ್ಕೆ ತಾಗಿಸಿ ಓಡಿಸಿ. ಅರ್ಧ ನಿಮಿಷ ಕದಲಿಸಬೇಡಿ, ಕೆಳಗೆ ಬೆಳ್ಳಗೆ ಗಟ್ಟಿಯಾಗುತ್ತ ಬಂದ ಮೇಲೆ ನಿಧಾನವಾಗಿ ಮೇಲೆತ್ತಿ. ಕೊನೆಯಲ್ಲಿ ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಇನ್ನೊಂದು ಸುತ್ತು. ವಿನೆಗರನ್ನು ಮೊದಲೇ ಹಾಕಿದರೆ ಹಾಲು ಒಡೆಯಬಹುದು. ಎಣ್ಣೆ ಬಿಟ್ಟುಕೊಂಡರೆ ಬೇರೆ ಲೋಟದಲ್ಲಿ ಎರಡು ಚಮಚ ತಣ್ಣನೆಯ ಹಾಲು ಹಾಕಿ, ಬ್ಲೆಂಡರ್ ಓಡಿಸುತ್ತ ಒಡೆದದ್ದನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಬನ್ನಿ, ಕೂಡಿಕೊಳ್ಳುತ್ತದೆ. ಫ್ರಿಡ್ಜ್‌ನಲ್ಲಿ ಎರಡು ಮೂರು ದಿನ, ಅದಕ್ಕಿಂತ ಹೆಚ್ಚು ಇಡಬೇಡಿ. ಕೊಟ್ಟಿಗೆಯಿಂದ ಬಂದ ಹಾಲಾದರೆ ಉಕ್ಕಿ ಬರುವವರೆಗೂ ಕಾಯಿಸಲೇಬೇಕು, ಹಸಿ ಹಾಲು ಲಿಸ್ಟೀರಿಯಾಗೆ ಹೆಸರಾದ ದಾರಿ.

ಇನ್ನು ಭಾನುವಾರದ ಶವರ್ಮಾ. ಸಾಲ್ಮೊನೆಲ್ಲಾ ತಗಲಿದ್ದರೆ ತಿಂದ ಆರು ಗಂಟೆಯಿಂದ ಆರು ದಿನದೊಳಗೆ ಹೊಟ್ಟೆ ನುಲಿತ, ಭೇದಿ, ಜ್ವರ ಕಾಣಿಸಿಕೊಳ್ಳುತ್ತದೆ. ಒಂದು ವಾರ ಕಳೆದೂ ಏನೂ ಇಲ್ಲದಿದ್ದರೆ ಅದರ ಭಯ ಬಿಡಿ. ಲಕ್ಷಣ ಇಲ್ಲದೆ ಪರೀಕ್ಷೆ ಮಾಡಿಸಬೇಕಾಗಿಲ್ಲ, ಮುಂಜಾಗ್ರತೆಗೆ ಅಂತ ಮಾತ್ರೆ ನುಂಗಬೇಕಾಗಿಲ್ಲ. ಭೇದಿ ಶುರುವಾದರೆ ಒಂದು ಪೊಟ್ಟಣ ಒಆರ್‌ಎಸ್ ಪುಡಿಯನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಭೇದಿ ನಿಲ್ಲಿಸುವ ಮಾತ್ರೆಯಾಗಲಿ, ಆ್ಯಂಟಿಬಯಾಟಿಕ್ ಆಗಲಿ ನೀವಾಗಿ ತೆಗೆದುಕೊಳ್ಳಬೇಡಿ. 38 ಡಿಗ್ರಿ ದಾಟಿದ ಜ್ವರ, ಮಲದಲ್ಲಿ ರಕ್ತ, ಕುಡಿದ ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು, ಹೊಟ್ಟೆ ಬಿಗಿದು ಬಿಡುವುದು, ಮಗುವಿನ ಓಡಾಟ ಕಡಿಮೆ ಅನ್ನಿಸುವುದು, ಇವುಗಳಲ್ಲಿ ಒಂದಾದರೂ ಕಂಡರೆ ಅದೇ ದಿನ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೆ 108ಕ್ಕೆ ಕರೆ ಮಾಡಿ. ಏನು ತಿಂದಿರಿ, ಯಾವ ದಿನ, ಎಷ್ಟು ಹೊತ್ತಿಗೆ ಅಂತ ವೈದ್ಯರಿಗೆ ಮೊದಲೇ ಹೇಳಿ.

ಲಿಸ್ಟೀರಿಯಾ ಮಾತ್ರ ತಡವಾಗಿ ಬರುವ ಗುಣದ್ದು, ಎರಡು ತಿಂಗಳಾದ ಮೇಲೂ ಕಾಣಿಸಬಹುದು. ಅದರಲ್ಲಿ ಭೇದಿ ಇರಲೇಬೇಕೆಂದಿಲ್ಲ, ಫ್ಲೂ ಬಂದ ಹಾಗೆ ಜ್ವರ, ಮೈಕೈ ನೋವು ಇರುತ್ತದೆ. ಹಸಿ ಮೊಟ್ಟೆಯ ಸಾಸ್‌ನಿಂದ ಅದು ಬರುವುದು ಅಪರೂಪ. ಆದರೂ ಹೆರಿಗೆಯವರೆಗೆ ಕಾರಣ ಗೊತ್ತಾಗದ ಜ್ವರ ಬಂದರೆ ಬರೀ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಗರ್ಭಿಣಿಯರಿಗೆ ಕೊಡಬಹುದಾದ ಔಷಧಿಯೂ ಇದೆ.

ಕೊನೆಗೊಂದು ಮಾತು, ಈ ಭಯದಲ್ಲಿ ಮೊಟ್ಟೆಯನ್ನೇ ಬಿಡಬೇಡಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟದ ಜೊತೆ ಕೊಡುವ ಬೇಯಿಸಿದ ಮೊಟ್ಟೆ ಈಗ ನಿಮಗೆ ಬೇಕಾದದ್ದೇ. ಮನೆಯಲ್ಲಿ ಬೇಯಿಸುವಾಗ ಹಳದಿ ಪೂರ್ತಿ ಗಟ್ಟಿಯಾಗಿ ಪುಡಿಪುಡಿಯಾಗುವಷ್ಟು ಬೇಯಲಿ, ಹಾಫ್ ಬಾಯಿಲ್ ಬೇಡ. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಎಂಬುದು ಸಮುದ್ರಮಟ್ಟದ ಊರುಗಳ ಲೆಕ್ಕ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿವೆ, ನೀರು ಇಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹನ್ನೆರಡು ನಿಮಿಷ ಇಡಿ.